ಸೌರ ಹಾಯಿಯ ನೌಕೆ 1.11 ಖಗೋಳಮಾನ ತಲುಪಿ ಹಿಂದಿರುಗುತ್ತಿದೆ: ಪ್ರೋಗ್ರಾಮಿನ ದೋಷವೇ?

ನಭೋಯಾನಿ
ಎಲ್ಲರಿಗೂ ನಮಸ್ಕಾರ. ಸೂರ್ಯನ ಸುತ್ತಲಿನ ಕಕ್ಷೆಗಳನ್ನು ಲೆಕ್ಕ ಹಾಕುವ ಸಣ್ಣ ಪೈಥಾನ್ ಪ್ರೋಗ್ರಾಮೊಂದನ್ನು ಬರೆದಿದ್ದೇನೆ. ಮೊದಲು ಡಾನ್ ನೌಕೆಯ ಅಯಾನು ಎಂಜಿನ್ನನ್ನು ಅನುಸರಿಸಿ, 1,200 ಕಿಲೋಗ್ರಾಂ ನೌಕೆಗೆ 90 ಮಿಲಿನ್ಯೂಟನ್ ನೂಕುಬಲ ಕೊಟ್ಟು, ಆ ಬಲ ಸದಾ ನೌಕೆ ಚಲಿಸುವ ದಿಕ್ಕಿನಲ್ಲೇ ಇರುವಂತೆ ಮಾಡಿದೆ. ಒಂದು ಇಡೀ ದಿನ ನೂಕಿದರೂ ಅದು ಕೊಡಬಲ್ಲದ್ದು ಸೆಕೆಂಡಿಗೆ ಆರೂವರೆ ಮೀಟರಿನಷ್ಟು ವೇಗವನ್ನು ಮಾತ್ರ, ಆದರೂ ಕಕ್ಷೆ ಸುರುಳಿಯಾಗಿ ಹಿಗ್ಗುತ್ತಾ ಹೋಯಿತು.

ಆಮೇಲೆ ಎಂಜಿನ್ ತೆಗೆದು ಹಾಯಿಯನ್ನು ಸೂರ್ಯನಿಗೆ ನೇರ ಎದುರಾಗಿ ಇಟ್ಟೆ. ಅದರ ಮೇಲಿನ ಬೆಳಕಿನ ಒತ್ತಡ ಸೂರ್ಯನ ಗುರುತ್ವದ ಇಪ್ಪತ್ತನೇ ಒಂದು ಭಾಗ, ಅಂದರೆ ಭೂಮಿಯ ದೂರದಲ್ಲಿ ಆ ಅಯಾನು ಎಂಜಿನ್ನಿಗಿಂತ ನಾಲ್ಕು ಪಟ್ಟು ಹೆಚ್ಚಿನ ವೇಗೋತ್ಕರ್ಷ. ಆದರೆ ಭೂಮಿಯ ದೂರದಿಂದ, ಅಂದರೆ 1 ಖಗೋಳಮಾನದಿಂದ ಹೊರಟ ನೌಕೆ 1.11 ಖಗೋಳಮಾನದವರೆಗೆ ಹೋಗಿ, ಸುಮಾರು 406 ದಿನಗಳಲ್ಲಿ ಮತ್ತೆ ಹೊರಟ ದೂರಕ್ಕೇ ಬಂದು ನಿಲ್ಲುತ್ತದೆ. ಎಷ್ಟು ವರ್ಷ ಓಡಿಸಿದರೂ ಇದೇ ಪುನರಾವರ್ತನೆ. ತಪ್ಪು ಎಲ್ಲಿದೆ ಎಂದು ತಿಳಿಯುತ್ತಿಲ್ಲ.

ಗಣಿತಾಸಕ್ತ
ದೂರ ಹೋದಂತೆ ಬೆಳಕು ಕ್ಷೀಣಿಸುತ್ತದೆಯಲ್ಲವೇ? ದೂರ ಇಮ್ಮಡಿಯಾದರೆ ಒತ್ತಡ ಕಾಲು ಭಾಗಕ್ಕಿಳಿಯುತ್ತದೆ. ಹಾಯಿಯ ಶಕ್ತಿ ಸಾಲದೆ ನೌಕೆ ಹಿಂದಿರುಗುತ್ತಿದೆ ಎಂದು ನನಗನ್ನಿಸುತ್ತದೆ. ಹಾಯಿಯನ್ನು ದೊಡ್ಡದು ಮಾಡಿ ನೋಡಿ.

ಶರಾವತಿ
ಬೆಳಕು ಹಾಗೆ ಕ್ಷೀಣಿಸುವುದು ನಿಜ, ಆದರೆ ಗುರುತ್ವವೂ ಅದೇ ಲೆಕ್ಕದಲ್ಲಿ ಕ್ಷೀಣಿಸುತ್ತದೆ, ಆದ್ದರಿಂದ ಇವೆರಡರ ಅನುಪಾತ ಎಲ್ಲ ದೂರದಲ್ಲೂ ಒಂದೇ. ಸೂರ್ಯನಿಗೆ ಎದುರಾಗಿ ನಿಂತ ಹಾಯಿಗೆ ಸೂರ್ಯನ ತೂಕ ಶೇಕಡಾ 5 ಕಡಿಮೆಯಾದಂತೆ ತೋರುತ್ತದೆ, ಅಷ್ಟೇ. ಅಂಥ ಹಗುರ ಸೂರ್ಯನ ಸುತ್ತಲೂ ಕಕ್ಷೆ ದೀರ್ಘವೃತ್ತವೇ ಆಗಿರುತ್ತದೆ. ಅದರ ದೂರದ ತುದಿ 1 ÷ (1 − 2 × 0.05), ಅಂದರೆ 1.11. ನಿಮ್ಮ ಪ್ರೋಗ್ರಾಮ್ ಸರಿಯಾಗಿಯೇ ಇದೆ ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ. ಹಾಯಿಯನ್ನು ದೊಡ್ಡದು ಮಾಡಿದರೆ ದೀರ್ಘವೃತ್ತ ಹಿಗ್ಗುತ್ತದೆಯೇ ಹೊರತು, ಒತ್ತಡ ಗುರುತ್ವದ ಅರ್ಧವನ್ನು ಮುಟ್ಟುವವರೆಗೂ ನೌಕೆ ತಿರುಗಿ ಬರುತ್ತಲೇ ಇರುತ್ತದೆ.

ಅಯಾನು ಎಂಜಿನ್ನು ಬಲ ಕಡಿಮೆಯಿದ್ದರೂ ಗೆದ್ದದ್ದು ದಿಕ್ಕಿನಿಂದ. ಚಲನೆಯ ದಿಕ್ಕಿನಲ್ಲಿ ನೂಕಿದಾಗ ಪ್ರತಿ ಕ್ಷಣವೂ ಕಕ್ಷೆಯ ಶಕ್ತಿಗೆ ಒಂದಿಷ್ಟು ಸೇರುತ್ತದೆ. ನಿಮ್ಮ ಹಾಯಿ ಹೊರಗೆ ಹೋಗುವಾಗ ಕೊಟ್ಟದ್ದನ್ನು ಒಳಗೆ ಬರುವಾಗ ಪೂರ್ತಿಯಾಗಿ ಹಿಂದಕ್ಕೆ ಪಡೆಯುತ್ತಿದೆ. ಹಾಯಿಯನ್ನು ಓರೆಯಾಗಿಸಿ, ಆಗ ಪ್ರತಿಫಲಿತ ಬೆಳಕಿನ ಒತ್ತಡದ ಒಂದು ಅಂಶ ಮುಂದಕ್ಕೆ ತಿರುಗುತ್ತದೆ. `g` ಎಂಬುದು ಆ ದೂರದಲ್ಲಿನ ಸೂರ್ಯನ ಗುರುತ್ವ, `beta` ನಿಮ್ಮ ಇಪ್ಪತ್ತನೇ ಒಂದು ಭಾಗ, `alpha` ಹಾಯಿ ಓರೆಯಾದ ಕೋನ (ರೇಡಿಯನ್‌ಗಳಲ್ಲಿ), `ar` ಸೂರ್ಯನಿಂದ ಹೊರಮುಖವಾದ ವೇಗೋತ್ಕರ್ಷ, `at` ಮುಂದಕ್ಕೆ ತಳ್ಳುವ ವೇಗೋತ್ಕರ್ಷ:

```python
ar = -g + beta*g*cos(alpha)**3
at = beta*g*cos(alpha)**2*sin(alpha)
```

ನಿಮ್ಮಲ್ಲಿ `alpha` ಸೊನ್ನೆಯಿರುವುದರಿಂದ `at` ಕೂಡ ಸೊನ್ನೆಯಾಗಿದೆ. ಕೋನವನ್ನು ಋಣವಾಗಿ ಕೊಟ್ಟರೆ ನೌಕೆಯ ಓಟಕ್ಕೆ ತಡೆಬಿದ್ದು ಅದು ಸೂರ್ಯನತ್ತ ಸುರುಳಿಯಾಗಿ ಇಳಿಯುತ್ತದೆ. ಬೆಳಕು ಹೊರಗೆ ಮಾತ್ರ ತಳ್ಳುತ್ತದಾದರೂ ಹಾಯಿಯಿಂದ ಒಳಗ್ರಹಗಳಿಗೂ ಹೋಗಬಹುದು ಎನ್ನುವುದು ಈ ವಿದ್ಯೆಯಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿ.

ಗಣಿತಾಸಕ್ತ
ಹಾಗಾದರೆ 45 ಡಿಗ್ರಿಯೇ ಅತ್ಯುತ್ತಮವಲ್ಲವೇ?

ಶರಾವತಿ
ಅಲ್ಲ. ಓರೆಯಾದಷ್ಟೂ ಹಾಯಿಗೆ ಬೀಳುವ ಬೆಳಕೂ ಕಡಿಮೆಯಾಗುತ್ತದೆ. ಮುಂದಕ್ಕೆ ತಳ್ಳುವ ಅಂಶ ಗರಿಷ್ಠವಾಗುವುದು ಸುಮಾರು 35 ಡಿಗ್ರಿಯಲ್ಲಿ, ಆಗ ಪೂರ್ಣ ಒತ್ತಡದ ಶೇಕಡಾ 38ರಷ್ಟು ಸಿಗುತ್ತದೆ. 45 ಡಿಗ್ರಿಯಲ್ಲಿ ಶೇಕಡಾ 35, ನಷ್ಟ ಅಷ್ಟೇನೂ ದೊಡ್ಡದಲ್ಲ.

ಕಡಲತೀರ
ನಾನು ಲೈಟ್‌ಸೈಲ್ 2 ಎಂಬ ಹಾಯಿನೌಕೆಯ ಮಾದರಿಯಲ್ಲಿ 32 ಚದರ ಮೀಟರ್ ಹಾಯಿ ಮತ್ತು 5 ಕಿಲೋಗ್ರಾಂ ತೂಕ ಇಟ್ಟುಕೊಂಡು, ಭೂಮಿಯಿಂದ 720 ಕಿಲೋಮೀಟರ್ ಎತ್ತರದಲ್ಲಿ ಇದೇ 35 ಡಿಗ್ರಿಯನ್ನು ಕೊಟ್ಟೆ. ಕಕ್ಷೆ ಒಂದಿಷ್ಟೂ ಏರಲಿಲ್ಲ. ಈ ಸೂತ್ರ ಸರಿಯೇ?

ಶರಾವತಿ
ನಿಮ್ಮ ಪ್ರಶ್ನೆಯೇ ಬೇರೆ, ಏಕೆಂದರೆ ನೀವು ಸುತ್ತುತ್ತಿರುವುದು ಭೂಮಿಯನ್ನು. ಅರ್ಧ ಸುತ್ತಿನಲ್ಲಿ ನೌಕೆ ಸೂರ್ಯನಿಂದ ದೂರ ಸರಿಯುತ್ತದೆ, ಉಳಿದರ್ಧದಲ್ಲಿ ಸೂರ್ಯನತ್ತ ಬರುತ್ತದೆ. ಹಾಯಿಯನ್ನು ತಿರುಗಿಸದಿದ್ದರೆ ಗಳಿಕೆ ಮತ್ತು ನಷ್ಟ ಸಮವಾಗುತ್ತವೆ. ಲೈಟ್‌ಸೈಲ್ 2 ದೂರ ಸರಿಯುವಾಗ ಹಾಯಿಯ ಮುಖವನ್ನೂ, ಹತ್ತಿರ ಬರುವಾಗ ಅದರ ಅಂಚನ್ನೂ ಸೂರ್ಯನಿಗೆ ತೋರುತ್ತಿತ್ತು. ಹಾಗೆ ಮಾಡಿಯೂ ಆ ಎತ್ತರದ ತೆಳು ಗಾಳಿಯ ತಡೆ ಅದನ್ನು ನಿಧಾನವಾಗಿ ಕೆಳಗೆಳೆಯಿತು, 2022ರ ನವೆಂಬರಿನಲ್ಲಿ ಅದು ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ಆದ್ದರಿಂದ ಗಾಳಿಯ ತಡೆಯನ್ನೂ ಸೇರಿಸಬೇಕು.

ಕಡಲತೀರ
ಸೌರ ಚಟುವಟಿಕೆ ಹೆಚ್ಚಾದಾಗ ಅಲ್ಲಿನ ಗಾಳಿಯ ಸಾಂದ್ರತೆಯೂ ಏರುತ್ತದೆ. ಅದಕ್ಕೆ ಯಾವ ಅಂಕಿ ಬಳಸಬೇಕು?

ನಭೋಯಾನಿ
ಶರಾವತಿಯವರೇ, ಧನ್ಯವಾದಗಳು. 35 ಡಿಗ್ರಿ ಕೊಟ್ಟ ಕೂಡಲೇ ಸುರುಳಿ ಶುರುವಾಯಿತು, ಆರಂಭದಲ್ಲಿ ಕಕ್ಷೆಯ ಸರಾಸರಿ ತ್ರಿಜ್ಯ ದಿನಕ್ಕೆ ಸುಮಾರು ಒಂದು ಲಕ್ಷ ಕಿಲೋಮೀಟರ್ ಹೆಚ್ಚುತ್ತಿದೆ.

ಶರಾವತಿ
ಸಂತೋಷ. ಇನ್ನೆರಡು ಮಾತು. ಇಪ್ಪತ್ತನೇ ಒಂದು ಭಾಗ ಎಂಬ ನಿಮ್ಮ ಅನುಪಾತಕ್ಕೆ ಚದರ ಮೀಟರಿಗೆ ಇಡೀ ನೌಕೆಯ ತೂಕ ಸುಮಾರು 31 ಗ್ರಾಂ ಇರಬೇಕು. ಲೈಟ್‌ಸೈಲ್ 2ರಲ್ಲಿ ಅದು 156 ಗ್ರಾಂ. ಇನ್ನು ಜಪಾನಿನ ಹಾಯಿನೌಕೆ ಇಕಾರೋಸ್ 2010ರಲ್ಲಿ ತೋರಿಸಿದ ನೂಕು 1.12 ಮಿಲಿನ್ಯೂಟನ್, ಅಷ್ಟೇ ಅಗಲದ ಪರಿಪೂರ್ಣ ಕನ್ನಡಿಗೆ ಭೂಮಿಯ ದೂರದಲ್ಲಿ ಸುಮಾರು 1.8 ಬರಬೇಕಿತ್ತು. ನಿಜವಾದ ಹಾಯಿಯಲ್ಲಿ ಸುಕ್ಕುಗಳೂ ಬೆಳಕಿನ ಹೀರಿಕೆಯೂ ಇರುವುದರಿಂದ ನೂಕು ತಗ್ಗುತ್ತದೆ. ಹಾಗೆಯೇ ನಿಮ್ಮ ಡಾನ್ ಲೆಕ್ಕದಲ್ಲಿ 90 ಮಿಲಿನ್ಯೂಟನ್ನನ್ನು ಸ್ಥಿರವಾಗಿಡಬೇಡಿ, ಸೂರ್ಯನಿಂದ ದೂರ ಹೋದಂತೆ ಸೌರಫಲಕಗಳ ವಿದ್ಯುತ್ತು ಇಳಿದು ಎಂಜಿನ್ನಿನ ನೂಕೂ ಇಳಿಯುತ್ತದೆ.

ನಭೋಯಾನಿ
ಹಾಯಿಯ ಸುಕ್ಕುಗಳಿಂದ ಬಲದ ದಿಕ್ಕೂ ಬದಲಾಗುತ್ತದೆಯೇ, ಅಥವಾ ಅದರ ಪ್ರಮಾಣವನ್ನು ತಗ್ಗಿಸಿದರೆ ಸಾಕೇ?

ಶರಾವತಿ
ದಿಕ್ಕೂ ಬದಲಾಗುತ್ತದೆ. ಹೀರಲ್ಪಟ್ಟ ಬೆಳಕು ಸೂರ್ಯನಿಂದ ನೇರ ಹೊರಕ್ಕೇ ತಳ್ಳುವುದರಿಂದ ಒಟ್ಟು ಬಲ ಆ ಕಡೆಗೆ ವಾಲುತ್ತದೆ. ಸುಕ್ಕುಗಳ ಪಾಲು ಎಷ್ಟು ಎಂಬುದನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಯಾರಾದರೂ ಅದನ್ನು ಮಾಡಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ.