ಪದಚರ್ಚೆ: ಮೊಟ್ಟೆ ಚಿಪ್ಪು ‘ಕರಗುತ್ತದೆ’, ಮೊಟ್ಟೆ ವಿನೆಗರ್ ‘ಕುಡಿಯುತ್ತದೆ’ – ಹೀಗೆ ಬರೆಯಬಹುದೇ?

ಸವಿತಾ:
ಐದನೇ ಕ್ಲಾಸಿನ ಮಕ್ಕಳಿಗಾಗಿ ಒಂದು ಪ್ರಯೋಗದ ಪುಟ ಬರೆಯುತ್ತಿದ್ದೇನೆ. ಹಸಿ ಮೊಟ್ಟೆಯನ್ನು ವಿನೆಗರ್‌ನಲ್ಲಿ ಎರಡು ದಿನ ಮುಳುಗಿಸಿಟ್ಟರೆ ಚಿಪ್ಪು ಮಾಯವಾಗಿ, ಮೊಟ್ಟೆ ಮೆತ್ತಗೆ, ದಪ್ಪಗೆ ಆಗುತ್ತದಲ್ಲ, ಅದೇ. “ಚಿಪ್ಪು ವಿನೆಗರ್‌ನಲ್ಲಿ ಕರಗುತ್ತದೆ, ಮೊಟ್ಟೆ ವಿನೆಗರ್ ಕುಡಿದು ಊದಿಕೊಳ್ಳುತ್ತದೆ” ಎಂದು ಬರೆದಿದ್ದೆ. ನಮ್ಮ ಶಾಲೆಯ ಮೇಷ್ಟ್ರೊಬ್ಬರು ಎರಡೂ ತಪ್ಪು ಅಂತಾರೆ. ನಿಮಗೇನನ್ನಿಸುತ್ತದೆ? ಇನ್ನೊಂದು: ಸಣ್ಣ ಲೋಟದಲ್ಲಿ ಮಾಡಿದಾಗ ಚಿಪ್ಪು ಅರ್ಧಕ್ಕೇ ನಿಂತುಬಿಟ್ಟಿತು. ಗುಳ್ಳೆ ಬರುವುದೂ ನಿಂತಿತು.

ಗಿರೀಶ:
ಮೇಷ್ಟ್ರು ಹೇಳಿದ್ದೇ ಸರಿ. ಉಪ್ಪು ನೀರಲ್ಲಿ ಕರಗುತ್ತದೆ, ನೀರು ಆರಿದರೆ ಅದೇ ಉಪ್ಪು ವಾಪಸ್ ಸಿಗುತ್ತದೆ. ಚಿಪ್ಪು ಹಾಗೆ ವಾಪಸ್ ಸಿಗಲ್ಲ. ಇನ್ನು ‘ಕುಡಿಯುವುದು’ ಅಂತೂ ಬೇಡವೇ ಬೇಡ. ಇದು ಅಭಿಸರಣೆ. ಮೊಟ್ಟೆಯ ಬಿಳಿಗಿಂತ ವಿನೆಗರ್‌ನಲ್ಲಿ ನೀರು ಜಾಸ್ತಿ. ಆ ನೀರು ಮಾತ್ರ ಪೊರೆ ದಾಟಿ ಒಳಗೆ ಹೋಗುತ್ತದೆ, ಹುಳಿ ಹೊರಗೇ ಉಳಿಯುತ್ತದೆ.

ನಾಗವೇಣಿ:
ಬೇಸಿಗೆಯಲ್ಲಿ ನಮ್ಮನೆ ಕೋಳಿ ಒಮ್ಮೊಮ್ಮೆ ಚಿಪ್ಪೇ ಇಲ್ಲದ ಮೊಟ್ಟೆ ಇಡುತ್ತದೆ. ಮುಟ್ಟಿದರೆ ಬರೀ ಚರ್ಮ. ಅದಕ್ಕೂ ಹುಳಿ ಪದಾರ್ಥ ತಿಂದದ್ದೇ ಕಾರಣ ಇರಬಹುದಾ? ಅಂಥ ಮೊಟ್ಟೆಗೆ ನಿಮ್ಮ ಕಡೆ ಏನಂತಾರೆ?

ಶ್ರೀಪಾದ:
ಮೊದಲು ನಿಂತುಹೋದ ಚಿಪ್ಪಿನ ಕಥೆ ನೋಡೋಣ. ಒಂದು ಮೊಟ್ಟೆಯ ಚಿಪ್ಪು ಸುಮಾರು 5 ಗ್ರಾಂ. ಅದರಲ್ಲಿ ಹೆಚ್ಚೂ ಕಡಿಮೆ ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನದೇ ಪದಾರ್ಥ. ಅಷ್ಟನ್ನೂ ಮುಗಿಸಲು ಸುಮಾರು 6 ಗ್ರಾಂ ಅಸಿಟಿಕ್ ಆಮ್ಲ ಬೇಕು. ಅಂಗಡಿಯ ವಿನೆಗರ್‌ನಲ್ಲಿ ಆಮ್ಲ ಇರುವುದು 100 ಮಿ.ಲೀ.ಗೆ 4 ಗ್ರಾಂನಷ್ಟು. ಹಾಗಾಗಿ ಒಂದು ಮೊಟ್ಟೆಗೆ 150 ಮಿ.ಲೀ. ಆದರೂ ಬೇಕು. ಕೊನೆಕೊನೆಗೆ ಆಮ್ಲ ತೆಳುವಾಗಿ ಕೆಲಸ ನಿಧಾನ ಆಗುವುದರಿಂದ 250 ಹಾಕಿ. ಇಲ್ಲದಿದ್ದರೆ ಒಂದು ದಿನ ಬಿಟ್ಟು ಹಳೆಯದನ್ನು ಚೆಲ್ಲಿ ಹೊಸದು ಸುರಿಯಿರಿ. ಸಣ್ಣ ಲೋಟದಲ್ಲಿ ಚಿಪ್ಪಿಗಿಂತ ಮೊದಲು ಆಮ್ಲ ಮುಗಿದಿದೆ, ಅಷ್ಟೇ. ಮುಚ್ಚಳ ಮಾತ್ರ ಬಿಗಿಯಾಗಿ ಹಾಕಬೇಡಿ. ಅಷ್ಟು ಚಿಪ್ಪಿನಿಂದ ಒಂದು ಲೀಟರಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕಂದು ಮೊಟ್ಟೆಯಾದರೆ ಮೇಲಿನ ಬಣ್ಣ ಕಳಚಿ ಕಂದು ನೊರೆಯಾಗಿ ತೇಲುತ್ತದೆ. ಮಕ್ಕಳು ಕೊಳೆ ಅಂದುಕೊಳ್ಳುತ್ತಾರೆ.

ಗಿರೀಶ, ‘ಹುಳಿ ಹೊರಗೇ ಉಳಿಯುತ್ತದೆ’ ಅಂದಿರಲ್ಲ, ಅದು ಪೂರ್ತಿ ಸರಿಯಲ್ಲ. ಊದಿದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು ಸೂಜಿಯಿಂದ ಚುಚ್ಚಿ ಮೂಸಿ ನೋಡಿ, ಒಳಗಿನ ರಸವೂ ವಿನೆಗರ್ ವಾಸನೆ ಹೊಡೆಯುತ್ತದೆ. ಅಸಿಟಿಕ್ ಆಮ್ಲದ ಕಣ ಚಿಕ್ಕದು, ನುಸುಳುತ್ತದೆ. ನುಸುಳಲಾಗದ್ದು ಬಿಳಿಯ ಪ್ರೋಟೀನ್, ಅದು ತುಂಬಾ ದೊಡ್ಡದು. ಅದು ಒಳಗೇ ಸಿಕ್ಕಿಕೊಂಡಿರುವುದರಿಂದ ನೀರು ಒಳಗೆ ಬರುತ್ತಲೇ ಇರುತ್ತದೆ. ಆ ಮಟ್ಟಿಗೆ ಸವಿತಾ ಅವರ ‘ವಿನೆಗರ್ ಕುಡಿದು’ ಅಷ್ಟೇನೂ ತಪ್ಪಲ್ಲ ಅಲ್ವಾ? ಅದೇ ಮೊಟ್ಟೆಯನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ಒಂದು ದಿನ ಇಡಿ, ನೀರು ಹೊರಬಂದು ಸುಕ್ಕುಸುಕ್ಕಾಗುತ್ತದೆ. ಮತ್ತೆ ನೀರಿಗೆ ಹಾಕಿದರೆ ಊದುತ್ತದೆ. ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಇದೇ ಪ್ರಯೋಗ ಇತ್ತು. ಚಿಪ್ಪು ತೆಗೆಯಲು ಅಲ್ಲಿ ನೀರು ಬೆರೆಸಿ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಬಳಸಿದ್ದರು. ಚಿಕ್ಕ ಮಕ್ಕಳ ಕೈಗೆ ವಿನೆಗರ್ರೇ ವಾಸಿ.

ನಾಗವೇಣಿಯವರೇ, ನಿಮ್ಮ ಮೊಟ್ಟೆಯಲ್ಲಿ ಕಾಣುವುದೂ ಇದೇ ಪೊರೆ. ಆದರೆ ಅಲ್ಲಿ ಚಿಪ್ಪು ಹೋಗಿಲ್ಲ, ಕೂತೇ ಇಲ್ಲ. ಸೆಕೆಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಆಗ ರಕ್ತದಲ್ಲಿ ಕಾರ್ಬೊನೇಟಿಗೆ ಬೇಕಾದ ಸರಕು ಕಡಿಮೆಯಾಗುತ್ತದೆ. ಮೇವಿನಲ್ಲಿ ಸುಣ್ಣದ ಅಂಶ ಸಾಲದಿದ್ದರೂ ಹೀಗಾಗಬಹುದು.

ಸವಿತಾ:
ಒಬ್ಬ ಹುಡುಗ ನಿಂಬೆರಸದಲ್ಲಿ ಮಾಡಲಾ ಅಂತ ಕೇಳಿದ್ದಾನೆ.

ಶ್ರೀಪಾದ:
ಆಗುತ್ತದೆ, ಆದರೆ ಬೇಸರ ಬರುವಷ್ಟು ನಿಧಾನ. ಅಲ್ಲಿ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಅಷ್ಟಾಗಿ ಕರಗದು. ಚಿಪ್ಪಿನ ಮೇಲೆ ಬಿಳಿ ಪುಡಿಯಾಗಿ ಕೂತರೆ ಹುಳಿಗೆ ಅಡ್ಡವಾಗುತ್ತದೆ. ವಿನೆಗರ್‌ನಲ್ಲಿ ಹುಟ್ಟುವ ಅಸಿಟೇಟ್ ಸಲೀಸಾಗಿ ಕರಗುತ್ತದೆ, ಚಿಪ್ಪು ಗುರುತೇ ಇಲ್ಲದೆ ಹೋಗುವುದು ಅದಕ್ಕೇ.

ಗಿರೀಶ:
ನೋಡಿ, ನೀವೇ ‘ಕರಗುವುದು’ ಅಸಿಟೇಟ್ ಅಂದಿರಿ, ಚಿಪ್ಪು ಅಲ್ಲ! ‘ಹುಳಿ ಚಿಪ್ಪನ್ನು ತಿಂದುಹಾಕುತ್ತದೆ’ ಅಂತ ಬರೆಯಿರಿ. ಬ್ಯಾಟರಿ ಆಸಿಡ್ ಬಿದ್ದರೆ ಬಟ್ಟೆ ತಿಂದುಹಾಕಿತು ಅಂತೀವಲ್ಲ.

ನಾಗವೇಣಿ:
ತಿಂದರೆ ಗುಳ್ಳೆ ಯಾಕೆ ಬಂತು ಅಂತ ಮಕ್ಕಳು ಕೇಳಲ್ವಾ? ನಮ್ಮ ಕಡೆ ಮಕ್ಕಳಿಗೆ ‘ಕರಗಿತು’ ಅಂದರೇ ಸಾಕು. ಆ ಚಿಪ್ಪಿಲ್ಲದ ಮೊಟ್ಟೆಗೆ ಹೆಸರು ಮಾತ್ರ ಇನ್ನೂ ಯಾರೂ ಹೇಳಲಿಲ್ಲ.

ಸವಿತಾ:
ಸದ್ಯಕ್ಕೆ ಹೀಗೆ ಬರೆದಿದ್ದೇನೆ: “ವಿನೆಗರ್‌ನ ಹುಳಿ ಚಿಪ್ಪಿನ ಜೊತೆ ಸೇರಿ ಗುಳ್ಳೆ ಏಳುತ್ತದೆ, ಚಿಪ್ಪು ಸವೆದು ಹೋಗುತ್ತದೆ. ಪೊರೆ ಮಾತ್ರ ಉಳಿಯುತ್ತದೆ. ಅದರ ಮೂಲಕ ನೀರು ಒಳಗಿಳಿದು ಮೊಟ್ಟೆ ಊದುತ್ತದೆ.” ಗಿರೀಶ್ ಅವರೇ, ‘ಸವೆದು’ ನಿಮಗೆ ಒಪ್ಪಿಗೆಯಾ? ಕೆಳಗೆ “ಈ ಮೊಟ್ಟೆ ತಿನ್ನಬಾರದು” ಅಂತ ದಪ್ಪಕ್ಷರದಲ್ಲಿ ಸೇರಿಸಿದ್ದೇನೆ. ಎರಡು ದಿನ ಹೊರಗಿಟ್ಟ ಹಸಿ ಮೊಟ್ಟೆ ಅದು.