ಅಪ್‌ಡೇಟ್: ಬಾಣಂತಿ ತಂಗಿಗೆ ಕೊನೆಗೆ ಏನು ಕಳಿಸಿದೆ

ನಾನು ಕೇಳಿದ್ದು: “ತಂಗಿಗೆ ಹೆರಿಗೆಯಾಗಿ 12 ದಿನ. ಅಮ್ಮನಿಗೆ ಮಂಡಿ ನೋವು, ಅಂಟಿನುಂಡೆ ಕಟ್ಟೋಕೆ ಆಗಲ್ಲ. ರೆಡಿ ಸಿಗೋದು ತರಿಸಿ ಕೊಡಬಹುದಾ?”

ಕೊಟ್ಟೆ, ಆದರೆ ಎರಡನೇ ಪ್ರಯತ್ನದಲ್ಲಿ.

ಮೊದಲು ತಂದ ಡಬ್ಬಿ ನೋಡೋಕೆ ಚೆನ್ನಾಗಿತ್ತು. ಮುಚ್ಚಳ ತೆಗೆದರೆ ಹಳೇ ಎಣ್ಣೆಯ ವಾಸನೆ. ಅಮ್ಮ ಚೂರು ಬಾಯಿಗೆ ಹಾಕಿಕೊಂಡು, “ಕೊಬ್ಬರಿ ಕಮಟಾಗಿದೆ ಕಣೆ” ಅಂದರು. ನುಂಗಿದ ಮೇಲೆ ಗಂಟಲಲ್ಲಿ ಕೆರೆತ ಉಳಿಯಿತು. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತುರಿದಿಟ್ಟರೆ ಗಾಳಿ ತಾಗಿ ಬೇಗ ಕೆಡುತ್ತದೆ. ಇನ್ನೊಂದು, ಅಂಟು ತುಪ್ಪದಲ್ಲಿ ಪೂರ್ತಿ ಅರಳಿರಲಿಲ್ಲ. ಸರಿಯಾಗಿ ಹುರಿದ ಅಂಟು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಇದು ಹಲ್ಲಿಗೆ ಅಂಟುತ್ತಿತ್ತು.

ಎರಡನೇ ಸಲ ಕಟ್ಟಿದ ದಿನ ಕೇಳಿ, ರುಚಿ ನೋಡಿ, ಕಾಲು ಕೆಜಿ ಮಾತ್ರ ತಂದೆ. ದೊಡ್ಡ ಡಬ್ಬಿ ಕೊಟ್ಟರೆ ಮುಗಿಯೋದರೊಳಗೆ ಹಳತಾಗುತ್ತದೆ, ಸುಮ್ನೆ ದಂಡ.

ತಂಗಿಗೆ ಮೊದಲೇ ಫೋನ್ ಮಾಡಿದ್ದು ಒಳ್ಳೆಯದಾಯಿತು. ಬಸುರಿಯಾಗಿದ್ದಾಗ ಅವಳಿಗೆ ಶುಗರ್ ಬಂದಿತ್ತಂತೆ, 6 ವಾರಕ್ಕೆ ಮತ್ತೆ ಪರೀಕ್ಷೆ ಇದೆ. “ಸಕ್ಕರೆ ಇಲ್ಲ, ಬೆಲ್ಲದ್ದು, ಏನಾಗಲ್ಲ” ಅಂದರು ಅಂಗಡಿಯವರು. ಬೆಲ್ಲವೂ ಶುಗರ್ ಏರಿಸುತ್ತದೆ ಅಲ್ವಾ? ಅವಳ ಡಾಕ್ಟರನ್ನು ಕೇಳಿ ದಿನಕ್ಕೆ ಒಂದು ಸಣ್ಣ ಉಂಡೆ ಅಂತ ಮಾಡಿಕೊಂಡಿದ್ದಾಳೆ.

ಜೊತೆಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ ಹಾಕಿದ ಚಟ್ನಿಪುಡಿ ಒಂದು ಪೊಟ್ಟಣ ಕಳಿಸಿದ್ದೆ. ಬಿಸಿ ಅನ್ನ, ತುಪ್ಪಕ್ಕೆ ಕಲಸಿಕೊಂಡು ಒಂದೇ ಕೈಯಲ್ಲಿ ಊಟ ಮುಗಿಸುತ್ತಾಳಂತೆ, ಇನ್ನೊಂದು ತೋಳಲ್ಲಿ ಮಗು. ಉಂಡೆಗಿಂತ ಮೊದಲು ಖಾಲಿಯಾಗಿದ್ದು ಅದೇ!