ಸಹಾಯ ಬೇಕು: ಪವರ್ ವಿಂಡೋ ಅರ್ಧಕ್ಕೇ ನಿಲ್ಲುತ್ತಿದೆ, ರೆಗ್ಯುಲೇಟರ್ ಜೊತೆ ಸ್ವಿಚ್ಚೂ ಬದಲಿಸಬೇಕಾ?

ಡ್ರೈವರ್ ಬಾಗಿಲಿನ ಗ್ಲಾಸ್ ಏರುವಾಗ ನಿಧಾನವಾಗಿ ಅರ್ಧಕ್ಕೇ ನಿಲ್ಲುತ್ತೆ. ಇಳಿಯುವಾಗ ತೊಂದರೆ ಇಲ್ಲ. ಇದು ಕೇಬಲ್ ರೆಗ್ಯುಲೇಟರ್, ಮೋಟರ್ ಕರೆಂಟ್ ನೇರ ಸ್ವಿಚ್ ಮೂಲಕವೇ ಹೋಗುತ್ತೆ, ನಡುವೆ ರಿಲೇ ಇಲ್ಲ.

ಗ್ಲಾಸ್ ಏರುತ್ತಿರುವಾಗಲೇ ಅಳೆದೆ: ಬ್ಯಾಟರಿಯಲ್ಲಿ 12.4 ವೋಲ್ಟ್, ಮೋಟರ್ ಕನೆಕ್ಟರ್‌ನಲ್ಲಿ ಬರೀ 9.1. ಸ್ವಿಚ್ಚಿನ ಅಪ್ ಕಾಂಟ್ಯಾಕ್ಟ್ ಒಂದರಲ್ಲೇ 2.6 ವೋಲ್ಟ್ ಬೀಳುತ್ತಿದೆ. ಲೋಡ್ ಇಲ್ಲದೆ ಅಳೆದರೆ ಪೂರ್ತಿ ವೋಲ್ಟೇಜ್ ತೋರಿಸುತ್ತೆ, ಆ ರೀಡಿಂಗ್ ನಂಬುವಂತಿಲ್ಲ.

ಆಮೇಲೆ ಗ್ಲಾಸ್ ಬಿಚ್ಚಿದೆ. ರಬ್ಬರ್ ಚಾನಲ್‌ನಲ್ಲಿ ಅದು ಕೈಯಿಂದ ಸಲೀಸಾಗಿ ಜಾರುತ್ತೆ. ಆದರೆ ಫ್ಯೂಸ್ ಹಾಕಿ ಮೋಟರ್‌ಗೆ ಬ್ಯಾಟರಿಯಿಂದ ನೇರ ಸಪ್ಲೈ ಕೊಟ್ಟರೂ ಖಾಲಿ ರೆಗ್ಯುಲೇಟರ್ ಪ್ರತಿಸಲ ಅದೇ ಮಧ್ಯದಲ್ಲಿ ಎಳೆದಾಡುತ್ತೆ. ಇಷ್ಟು ದೂರಕ್ಕೆ ಮೋಟರ್ ಎಷ್ಟೋ ಸುತ್ತು ತಿರುಗುತ್ತೆ, ಆರ್ಮೇಚರ್ ದೋಷವಾಗಿದ್ದರೆ ಒಂದೇ ಜಾಗದಲ್ಲಿ ಕಾಣಬಾರದು. ಹಾಗಾಗಿ ಕೇಬಲ್ ಎಳೆ ಬಿಚ್ಚಿಕೊಂಡಿದೆ ಅನ್ನೋ ಅನುಮಾನ.

ಗೊಂದಲ ಇಷ್ಟೇ: ರೆಗ್ಯುಲೇಟರ್ ಬಿಗಿಯಾದರೆ ಕರೆಂಟ್ ಹೆಚ್ಚಿ ಸ್ವಿಚ್ ಡ್ರಾಪ್ ಕೂಡ ಹೆಚ್ಚುತ್ತೆ. ರೆಗ್ಯುಲೇಟರ್ ಬದಲಿಸಿದರೆ 2.6 ತಾನಾಗೇ ಇಳಿಯುತ್ತಾ, ಅಥವಾ ಕಾಂಟ್ಯಾಕ್ಟ್ ಸುಟ್ಟಿದೆ ಅಂತ ಈಗಲೇ ಸ್ವಿಚ್ಚನ್ನೂ ಬದಲಿಸಬೇಕಾ? ಅಳೆದು ನೋಡಿದವರು ತಿಳಿಸಿ.